ಆರ್‌ಟಿಆರ್‌ಗೆ ‘ಕನ್ಫರ್ಮ್’ ಎನ್ನುವ ಮುನ್ನ

ಅಮೆರಿಕದಲ್ಲಿ ಕಾಂಟ್ರಾಕ್ಟ್ ಮೇಲೆ ಐಟಿ ಕೆಲಸ ಹುಡುಕುತ್ತಿರುವ ಕನ್ನಡಿಗರಿಗೆ ಈ ಕರೆ ಚೆನ್ನಾಗಿ ಗೊತ್ತು. ಎಷ್ಟೋ ಸಲ ಆ ಕಡೆ ಮಾತಾಡುವವರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ರಾತ್ರಿ ಪಾಳಿಯಲ್ಲಿ ಕೂತ ರಿಕ್ರೂಟರ್. ಹುದ್ದೆಯ ವಿವರ, ಊರು, ಗಂಟೆಗೆ ಇಷ್ಟು ಡಾಲರ್ ಎಂಬ ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ, ‘ಆರ್‌ಟಿಆರ್ ಮೇಲ್ ಕಳಿಸಿದ್ದೀನಿ ಸರ್, ಕನ್ಫರ್ಮ್ ಅಂತ ರಿಪ್ಲೈ ಮಾಡಿಬಿಡಿ, ಸಬ್ಮಿಷನ್ ಈಗಲೇ ಕ್ಲೋಸ್ ಆಗುತ್ತೆ’ ಎಂಬ ಅವಸರ. ಕೆಲಸವಿಲ್ಲದೆ ಕೂತವರು ಮೇಲ್ ಪೂರ್ತಿ ಓದದೆ ಉತ್ತರಿಸಿಬಿಡುತ್ತಾರೆ.

ಆರ್‌ಟಿಆರ್ ಎಂದರೆ ‘ರೈಟ್ ಟು ರೆಪ್ರೆಸೆಂಟ್’. ನಿಮ್ಮ ರೆಸ್ಯೂಮೆಯನ್ನು ಇಂಥ ಕ್ಲೈಂಟ್‌ನ ಇಂಥ ಹುದ್ದೆಗೆ ನಾವೇ ಕಳಿಸುತ್ತೇವೆ, ಅದಕ್ಕೆ ನಿಮ್ಮ ಒಪ್ಪಿಗೆಯಿದೆ ಎಂಬ ಬರಹ. ಸಾಮಾನ್ಯವಾಗಿ ಇದು ನೌಕರಿಯ ಕರಾರಲ್ಲ, ಸಂದರ್ಶನದ ಭರವಸೆಯೂ ಅಲ್ಲ. ಏಜೆನ್ಸಿ ನಿಮಗೆ ಇಲ್ಲಿ ಏನನ್ನೂ ಮಾತು ಕೊಟ್ಟಿರುವುದಿಲ್ಲ; ನೀವು ಮಾತ್ರ ಆ ಹುದ್ದೆಗೆ ಬೇರೆ ಯಾರ ಮೂಲಕವೂ ಹೋಗುವುದಿಲ್ಲ ಎಂದು ಮಾತು ಕೊಟ್ಟಿರುತ್ತೀರಿ. ಹಾಗಾಗಿ ಯಾವ ಹುದ್ದೆಗೆ ಮಾತು ಕೊಡುತ್ತಿದ್ದೇವೆ ಎಂಬುದೇ ಮೊದಲ ಪ್ರಶ್ನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡಲ್ಲಾಸ್‌ನಲ್ಲಿರುವ, ಗ್ರೀನ್ ಕಾರ್ಡ್ ಇರುವ ಒಬ್ಬ ಜಾವಾ ಡೆವಲಪರ್. ಸೋಮವಾರ ಅವರಿಗೆ ಒಂದು ಆರ್‌ಟಿಆರ್ ಬರುತ್ತದೆ: ಷಾರ್ಲಟ್ ನಗರ, 12 ತಿಂಗಳು, ಗಂಟೆಗೆ 60 ಡಾಲರ್. ಕ್ಲೈಂಟ್ ಎಂಬಲ್ಲಿ ‘ಪ್ರಮುಖ ಬ್ಯಾಂಕ್’ ಎಂದಷ್ಟೇ ಇದೆ. ಅವರು ಕನ್ಫರ್ಮ್ ಮಾಡುತ್ತಾರೆ. ಬುಧವಾರ ಇನ್ನೊಂದು ಏಜೆನ್ಸಿಯ ಮೇಲ್. ಅದೇ ಷಾರ್ಲಟ್, ಆದರೆ 66 ಡಾಲರ್, ಬ್ಯಾಂಕಿನ ಹೆಸರೂ ಇದೆ. ಇದು ಬೇರೆ ಕೆಲಸ ಎಂದುಕೊಂಡು ಅದಕ್ಕೂ ಒಪ್ಪಿಗೆ ಕೊಡುತ್ತಾರೆ. ನಿಜದಲ್ಲಿ ಎರಡೂ ಒಂದೇ ಹುದ್ದೆ.

ದೊಡ್ಡ ಕಂಪನಿಗಳು ಗುತ್ತಿಗೆ ನೌಕರರನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಫೀಲ್ಡ್‌ಗ್ಲಾಸ್, ಬೀಲೈನ್‌ನಂಥ ವೆಂಡರ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ಗಳ ಮೂಲಕ. ಯಾವ ಏಜೆನ್ಸಿ ಕಳಿಸಿದರೂ ರೆಸ್ಯೂಮೆ ಬಂದು ಬೀಳುವುದು ಅಲ್ಲಿಗೇ. ಹೆಸರಿನ ಜೊತೆಗೆ ಹುಟ್ಟಿದ ತಿಂಗಳು-ದಿನ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಇಂಥ ಗುರುತುಗಳನ್ನು ಹೋಲಿಸಿದಾಗ ಒಬ್ಬರೇ ಎರಡು ಸಲ ಬಂದಿರುವುದು ತಿಳಿದುಬಿಡುತ್ತದೆ. ಕೆಲವು ಕ್ಲೈಂಟ್‌ಗಳು ಮೊದಲು ಬಂದದ್ದನ್ನು ಇಟ್ಟುಕೊಂಡು ಎರಡನೆಯದನ್ನು ಬಿಡುತ್ತವೆ. ಇನ್ನು ಕೆಲವು, ಏಜೆನ್ಸಿಗಳ ಜಗಳ ನಮಗ್ಯಾಕೆ ಎಂದು ಎರಡನ್ನೂ ತೆಗೆದುಹಾಕುತ್ತವೆ. ಅಭ್ಯರ್ಥಿಗೆ ಬಹಳ ಸಲ ಕಾರಣವೇ ತಿಳಿಯುವುದಿಲ್ಲ. ಉತ್ತರ ಬರಲಿಲ್ಲ ಎಂದಷ್ಟೇ ಗೊತ್ತಾಗುತ್ತದೆ.

ಇದನ್ನು ಮೊದಲೇ ಕಂಡುಹಿಡಿಯಬಹುದಿತ್ತು. ಎರಡೂ ಮೇಲ್‌ಗಳಲ್ಲಿ ಕೆಲಸದ ವಿವರಣೆಯನ್ನು ಅಕ್ಕಪಕ್ಕ ಇಟ್ಟು ಓದಬೇಕು. ರಿಕ್ರೂಟರ್ ತಲೆಬರಹ, ದರ ಬದಲಿಸಬಹುದು. ಒಳಗಿನ ಸಾಲುಗಳನ್ನು ಸಾಮಾನ್ಯವಾಗಿ ಮುಟ್ಟಿರುವುದಿಲ್ಲ. ‘ಮಂಗಳವಾರದಿಂದ ಗುರುವಾರದವರೆಗೆ ಆಫೀಸಿಗೆ ಬರಬೇಕು’, ‘ಕಾಫ್ಕಾ ಗೊತ್ತಿರಬೇಕು, ಪೇಮೆಂಟ್ಸ್ ಅನುಭವ ಇದ್ದರೆ ಒಳ್ಳೆಯದು’ ಎಂಬಂಥ ವಾಕ್ಯಗಳು ಪದಶಃ ಒಂದೇ ಆಗಿದ್ದು, ಊರು ಮತ್ತು ಅವಧಿಯೂ ಹೊಂದಿದರೆ, ಅದು ಒಂದೇ ಹುದ್ದೆ ಎಂದೇ ತಿಳಿಯಿರಿ.

ಕ್ಲೈಂಟ್ ಹೆಸರನ್ನು ರಿಕ್ರೂಟರ್ ಮುಚ್ಚಿಡುವುದಕ್ಕೂ ಕಾರಣವಿದೆ. ಹೆಸರು ಹೇಳಿದರೆ ಅಭ್ಯರ್ಥಿ ಇನ್ನೊಬ್ಬರ ಮೂಲಕ ಹೋಗಬಹುದೆಂಬ ಭಯ. ಆ ಭಯ ನ್ಯಾಯವಾದದ್ದೇ, ಮೊದಲ ಕರೆಯಲ್ಲಿ ಹೆಸರು ಹೇಳದಿದ್ದರೆ ತಪ್ಪೆನ್ನಲಾರೆ. ಆದರೆ ಒಪ್ಪಿಗೆ ಕೇಳುವ ಬರಹದಲ್ಲಿ ಕ್ಲೈಂಟ್ ಹೆಸರು, ಹುದ್ದೆಯ ಹೆಸರು, ಸಾಧ್ಯವಾದರೆ ರಿಕ್ವಿಸಿಷನ್ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ, ‘ಕ್ಲೈಂಟ್ ಹೆಸರು ಹಾಕಿ ಆರ್‌ಟಿಆರ್ ಮತ್ತೆ ಕಳಿಸಿ, ನೋಡಿ ಕನ್ಫರ್ಮ್ ಮಾಡುತ್ತೇನೆ’ ಎಂದು ಬರೆಯಿರಿ. ಅಷ್ಟಕ್ಕೂ ಒಪ್ಪದ ಏಜೆನ್ಸಿಯನ್ನು ಬಿಟ್ಟುಬಿಡುವುದೇ ಸರಿ.

ಎರಡನೆಯದು ದರ. ಗಂಟೆಗೆ 60 ಡಾಲರ್ ಎಂದ ಮಾತ್ರಕ್ಕೆ ಕೈಗೆ ಬರುವುದೆಷ್ಟೆಂದು ತಿಳಿಯದು. ಪಕ್ಕದಲ್ಲಿ ಡಬ್ಲ್ಯು-2 ಎಂದಿದೆಯೋ, 1099 ಎಂದಿದೆಯೋ, ಸಿ2ಸಿ ಎಂದಿದೆಯೋ ನೋಡಬೇಕು. ಡಬ್ಲ್ಯು-2 ಆದರೆ ನೀವು ಏಜೆನ್ಸಿಯ ನೌಕರ; ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಯ ಮಾಲೀಕರ ಪಾಲು, ಅಂದರೆ 7.65 ಶೇಕಡಾ, ಏಜೆನ್ಸಿ ಕಟ್ಟುತ್ತದೆ. 1099 ಆದರೆ ನೀವು ಸ್ವತಂತ್ರ ಗುತ್ತಿಗೆದಾರ. ಆ ಪಾಲೂ ನಿಮ್ಮ ಮೇಲೆಯೇ. 60 ಡಾಲರಿಗೆ ಇದು ಗಂಟೆಗೆ ಸುಮಾರು 4.60 ಡಾಲರ್. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೆ ಒಂಬತ್ತು ಸಾವಿರ ಡಾಲರಿಗೂ ಮಿಕ್ಕುತ್ತದೆ. ತೆರಿಗೆ ವಿನಾಯಿತಿಯಲ್ಲಿ ಸ್ವಲ್ಪ ಹಿಂದೆ ಬಂದರೂ ಆರೋಗ್ಯ ವಿಮೆಯ ಖರ್ಚು ಬೇರೆ ಇದೆ. ನಮ್ಮ ಡೆವಲಪರ್‌ಗೆ ಬಂದ 66 ಡಾಲರ್ 1099 ಮೇಲೆ, 60 ಡಾಲರ್ ವಿಮೆ ಸಹಿತ ಡಬ್ಲ್ಯು-2 ಮೇಲೆ ಎಂದಾದರೆ, ಕಡಿಮೆ ಕಾಣುವುದೇ ಲಾಭವಿರಬಹುದು. ಇದರ ಜೊತೆಗೆ ‘ಆಲ್ ಇನ್‌ಕ್ಲೂಸಿವ್’ ಎಂಬ ಪದವಿದ್ದರೆ, ಓಡಾಟ, ವಸತಿಯ ಖರ್ಚೂ ಆ ದರದಲ್ಲೇ ಸೇರಿದೆ ಎಂದರ್ಥ. ಕ್ಲೈಂಟ್‌ಗೆ ದರ ಹೋದಮೇಲೆ ಅದನ್ನು ಏರಿಸುವುದು ಬಹಳ ಕಷ್ಟ.

ಎಚ್-1ಬಿ ಮೇಲಿರುವವರ ಲೆಕ್ಕ ಬೇರೆ. ಅವರು 1099 ಮೇಲೆ ದುಡಿಯುವಂತಿಲ್ಲ. ಸಿ2ಸಿ ದರ ಹೋಗುವುದು ಅವರ ಎಂಪ್ಲಾಯರ್‌ಗೆ, ಅಲ್ಲಿಂದ ಸಂಬಳವಾಗಿ ಅವರಿಗೆ. ಅವರಿಗೆ ಇನ್ನೊಂದು ತೊಡಕೂ ಇದೆ: ಎಂಪ್ಲಾಯರ್‌ನ ಬೆಂಚ್ ಸೇಲ್ಸ್ ತಂಡವೇ ಅವರ ಪರವಾಗಿ ಬೇರೊಂದು ಏಜೆನ್ಸಿಗೆ ಆಗಲೇ ಆರ್‌ಟಿಆರ್ ಕೊಟ್ಟಿರಬಹುದು. ಆದ್ದರಿಂದ ಒಪ್ಪುವ ಮುನ್ನ ಬೆಂಚ್ ಸೇಲ್ಸ್‌ನವರನ್ನು ಕೇಳಬೇಕು, ನನಗೆ ತಿಳಿಸದೆ ಎಲ್ಲಿಗೂ ಕಳಿಸಬೇಡಿ ಎಂದು ಅವರಿಗೆ ಬರಹದಲ್ಲೇ ಹೇಳಿಟ್ಟಿರಬೇಕು.

ಇನ್ನು ಒಂದು ವಾಕ್ಯದ ಮೇಲೆ ಕಣ್ಣಿಡಿ. ‘ಈ ಹುದ್ದೆಗೆ’ ಎಂದಿರಬೇಕಾದ ಕಡೆ ‘ಈ ಕ್ಲೈಂಟ್‌ನ ಯಾವುದೇ ಹುದ್ದೆಗೆ, ಮುಂದಿನ ಆರು ತಿಂಗಳು’ ಎಂದು ಕೆಲವು ಏಜೆನ್ಸಿಗಳು ಸೇರಿಸಿರುತ್ತವೆ. ದೊಡ್ಡ ಬ್ಯಾಂಕಿನಲ್ಲಿ ಹತ್ತಾರು ತಂಡಗಳು ಒಟ್ಟಿಗೆ ಜನರನ್ನು ಹುಡುಕುತ್ತಿರುತ್ತವೆ. ಒಂದು ಹುದ್ದೆಗೆ ಹೂಂ ಎನ್ನಲು ಹೋಗಿ ಉಳಿದ ಎಲ್ಲಕ್ಕೂ ಬೇರೆಯವರ ಮೂಲಕ ಹೋಗುವ ದಾರಿ ಮುಚ್ಚಿಕೊಂಡಂತೆ. ‘ಈ ರಿಕ್ವಿಸಿಷನ್‌ಗೆ ಮಾತ್ರ, 30 ದಿನಗಳವರೆಗೆ’ ಎಂದು ತಿದ್ದಿ ಕಳಿಸಲು ಕೇಳಿ. ತಿದ್ದುವುದು ಅವರಿಗೆ ಎರಡು ನಿಮಿಷದ ಕೆಲಸ.

ಆರ್‌ಟಿಆರ್ ಜೊತೆಗೆ ಪಾಸ್‌ಪೋರ್ಟ್, ವೀಸಾ, ಪೂರ್ತಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳಿದರೆ ಆ ಹಂತದಲ್ಲಿ ಕೊಡಬೇಡಿ; ಅವು ಆಯ್ಕೆಯಾದಮೇಲೆ ಬೇಕಾಗುವ ಕಾಗದಗಳು. ರೆಸ್ಯೂಮೆಯನ್ನು ನನ್ನನ್ನು ಕೇಳದೆ ಬದಲಿಸಬಾರದು ಎಂಬ ಸಾಲನ್ನೂ ನಿಮ್ಮ ಉತ್ತರದಲ್ಲಿ ಸೇರಿಸಿ.

ಒಪ್ಪಿಗೆ ಕೊಟ್ಟು ಸುಮ್ಮನಿರಬೇಡಿ. ಕ್ಲೈಂಟ್‌ಗೆ ಯಾವ ದಿನ ಹೋಯಿತೆಂದು ಮೇಲ್‌ನಲ್ಲೇ ಕೇಳಿ, ಏಕೆಂದರೆ ಎಷ್ಟೋ ರೆಸ್ಯೂಮೆಗಳು ನಡುವಿನ ವೆಂಡರ್‌ಗಳ ಹತ್ತಿರವೇ ನಿಂತುಹೋಗುತ್ತವೆ. ಕಳಿಸಿಲ್ಲವೆಂದು ತಿಳಿದರೆ, ಅಥವಾ ಉತ್ತರವೇ ಬಾರದಿದ್ದರೆ, ‘ಈ ಹುದ್ದೆಗೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ, ಕಳಿಸಿಲ್ಲವೆಂದು ಖಚಿತಪಡಿಸಿ’ ಎಂದು ಬರೆಯಿರಿ. ಆ ಖಚಿತ ಉತ್ತರ ಕೈಗೆ ಬರುವವರೆಗೆ ಅದೇ ಹುದ್ದೆಗೆ ಎರಡನೆಯ ಏಜೆನ್ಸಿಗೆ ಹೂಂ ಎನ್ನಬೇಡಿ, ಅವರ ದರ ಎಷ್ಟೇ ಹೆಚ್ಚಿರಲಿ.