‘ಕೇಳಿಕೊಳ್ಳುವುದೇನೆಂದರೆ’ ಅಂತ ಶುರುವಾಗುವ ಇಮೇಲ್ ಫೋನ್‌ನಲ್ಲಿ ಹೆಂಗೆ ಕಾಣ್ತದೆ?

ಇವತ್ತಿನ ಕಂತು ಇಮೇಲ್ ಬಗ್ಗೆ. ನಾವು ಬರೆಯೋದು ಫೋನ್‌ನಲ್ಲೇ, ಆ ಕಡೆ ಓದೋರು ಓದೋದೂ ಫೋನ್‌ನಲ್ಲೇ. ಆದರೆ ನಮ್ಮ ಕೈಗೆ ಬಂದಿರೋದು ಶಾಲೆಯಲ್ಲಿ ಕಲಿಸಿದ ಅರ್ಜಿಯ ನಮೂನೆ. ಇವರಿಗೆ, ಇವರಿಂದ, ವಿಷಯ, ಮಾನ್ಯರೇ. ಕಾಗದದ ಮೇಲೆ ಅದು ಚೆಂದ. ಫೋನ್‌ನಲ್ಲಿ ಅದೇ ತೊಂದರೆ.

ಒಂದು ಉದಾಹರಣೆ ಇಟ್ಕೊಂಡೇ ಮಾತಾಡೋಣ. ಕಮಠಾಣದ ಒಬ್ಬ ಹುಡುಗಿ ಡಿಪ್ಲೊಮಾ ಮುಗಿಸಿದಾಳೆ ಅಂದ್ಕೊಳ್ರಿ. ಬೀದರ್ ಹತ್ತಿರದ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಆಯ್ಕೆ ಆಗಿದಾಳೆ. ಶುಕ್ರವಾರ ದಾಖಲೆ ಪರಿಶೀಲನೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಅವಳ ಹೆಸರಿದೆ, ಆಧಾರ್‌ನಲ್ಲಿ ಹೆಸರಿನ ಜೊತೆ ಅಪ್ಪನ ಹೆಸರೂ ಇದೆ. ನಮ್ಮ ಕಡೆ ಇದು ಮನೆಮನೆ ಕಥೆ. ಇದಕ್ಕೆ ಅಫಿಡವಿಟ್ ಸಾಕಾ, ಇಲ್ಲ ಆಧಾರ್ ತಿದ್ದಿಸಬೇಕಾ? ಅಫಿಡವಿಟ್ ಅಂದ್ರೆ ಬೀದರ್‌ಗೆ ಹೋಗಿ ಒಂದೇ ದಿನದಲ್ಲಿ ಮಾಡಿಸ್ಕೊಂಡು ಬರಬಹುದು. ಆಧಾರ್ ತಿದ್ದುಪಡಿ ಶುಕ್ರವಾರದೊಳಗೆ ಕೈಗೆ ಬರೋ ಭರವಸೆ ಇಲ್ಲ. ಹಾಗಾಗಿ ಇವತ್ತೇ ಎಚ್ಆರ್ ಅವರನ್ನು ಕೇಳಬೇಕು.

ಅವಳು ಅಭ್ಯಾಸದಂತೆ ಬರೀತಾಳೆ: “ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ, ನಾನು ಬೀದರ್ ತಾಲೂಕಿನ ಕಮಠಾಣ ಗ್ರಾಮದ ನಿವಾಸಿಯಾಗಿದ್ದು...” ಹೀಗೇ ಹನ್ನೆರಡು ಸಾಲು, ಒಂದೇ ಪ್ಯಾರಾ. ಪ್ರಶ್ನೆ ಇರೋದು ಕೊನೇ ಸಾಲಿನಲ್ಲಿ.

ಆ ಕಡೆ ಏನಾಗ್ತದೆ ನೋಡ್ರಿ. ಎಚ್ಆರ್ ಸರ್ ಶೆಡ್ಡಿನಲ್ಲಿ ನಿಂತಿದಾರೆ, ಫೋನ್ ಕಿಣಿ ಅಂತು. ಇನ್‌ಬಾಕ್ಸ್‌ನಲ್ಲಿ ಅವರಿಗೆ ಕಾಣೋದು ಮೂರೇ: ಕಳಿಸಿದವರ ಹೆಸರು, ವಿಷಯದ ಮೊದಲ ಮೂವತ್ತು ನಲವತ್ತು ಅಕ್ಷರ, ಪತ್ರದ ಮೊದಲ ಒಂದು ಸಾಲು. ಕನ್ನಡದ ಅಕ್ಷರ ಅಗಲ ಜಾಸ್ತಿ, ಹಾಗಾಗಿ ಇನ್ನೂ ಕಡಿಮೆಯೇ ಕಾಣ್ತದೆ. ಅಂದ್ರೆ ಅವರು ಓದಿದ್ದು “ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿ...” ಅಷ್ಟೇ. ಯಾವ ವಿಷಯ, ಎಷ್ಟು ಅರ್ಜೆಂಟು, ಗೊತ್ತಾಗಲಿಲ್ಲ. ಸಂಜೆ ನೋಡೋಣ ಅಂತ ಫೋನ್ ಜೇಬಿಗೆ ಹೋಯ್ತು.

ಇದರಲ್ಲಿ ಕನ್ನಡದ ವ್ಯಾಕರಣದ್ದೂ ಪಾಲಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರ್ತದೆ. ‘ಇದ್ದು’, ‘ಆಗಿದ್ದು’, ‘ಆದ್ದರಿಂದ’ ಅಂತ ಪೋಣಿಸ್ತಾ ಹೋದ್ರೆ ‘ತಿಳಿಸಿ’ ಅನ್ನೋ ಮಾತು ಎಂಟನೇ ಸಾಲಿಗೆ ಬೀಳ್ತದೆ. ಅದಕ್ಕೆ ಇಮೇಲ್‌ನಲ್ಲಿ ವಾಕ್ಯ ತುಂಡು ಮಾಡಬೇಕು. ಮರ್ಯಾದೆ ಕಮ್ಮಿ ಆಗಲ್ಲ, ‘ಸರ್, ನಮಸ್ಕಾರ’ ಮತ್ತು ಬಹುವಚನ ಸಾಕು.

ಅದೇ ಪತ್ರ ಹೀಗೆ ಬರೆದ್ರೆ? ವಿಷಯದ ಜಾಗದಲ್ಲಿ: “ಹೆಸರು ವ್ಯತ್ಯಾಸ: ಅಫಿಡವಿಟ್ ಸಾಕೇ? ಅಪ್ರೆಂಟಿಸ್”. ಪ್ರಶ್ನೆ ಮುಂದೆ, ಉಳಿದದ್ದು ಹಿಂದೆ. ಹಿಂದಿನದ್ದು ಕತ್ತರಿಸಿ ಹೋದರೂ ನಷ್ಟ ಇಲ್ಲ. ಪತ್ರದಲ್ಲಿ:

“ಸರ್, ನಮಸ್ಕಾರ. ಎರಡು ದಾಖಲೆಗಳಲ್ಲಿ ನನ್ನ ಹೆಸರು ಬೇರೆ ಬೇರೆ ಇದೆ. ನೋಟರಿ ಅಫಿಡವಿಟ್ ತಂದರೆ ಸಾಕೇ? ಬುಧವಾರ ಸಂಜೆಯೊಳಗೆ ತಿಳಿಸಿದರೆ ಗುರುವಾರ ಮಾಡಿಸಿ, ಶುಕ್ರವಾರ ಪರಿಶೀಲನೆಗೆ ತರುತ್ತೇನೆ.

ಮಾರ್ಕ್ಸ್ ಕಾರ್ಡಿನಲ್ಲಿ ಬರೀ ನನ್ನ ಹೆಸರಿದೆ. ಆಧಾರ್‌ನಲ್ಲಿ ತಂದೆಯ ಹೆಸರೂ ಸೇರಿದೆ. ಜನ್ಮದಿನಾಂಕ ಎರಡರಲ್ಲೂ ಒಂದೇ.

ಎರಡೂ ದಾಖಲೆ ಲಗತ್ತಿಸಿದ್ದೇನೆ.”

ಕೆಳಗೆ ಹೆಸರು, ಅರ್ಜಿ ಸಂಖ್ಯೆ, ಫೋನ್ ನಂಬರ್. ಮುಗೀತು. ಪ್ರಶ್ನೆ ಹೆಂಗೆ ಕೇಳಿದಾಳೆ ಗಮನಿಸಿ. “ಮುಂದೇನು ಮಾಡಬೇಕು ತಿಳಿಸಿ” ಅಂದಿದ್ರೆ ಅವರು ಕೂತು ಯೋಚಿಸಿ ಟೈಪ್ ಮಾಡಬೇಕಿತ್ತು. ಈಗ ನಿಂತಲ್ಲೇ ಹೆಬ್ಬೆರಳಲ್ಲಿ “ಸಾಕು” ಅಂತ ಒತ್ತಿದ್ರೂ ಉತ್ತರವೇ. ಬುಧವಾರ ಯಾಕೆ ಅನ್ನೋ ಕಾರಣವೂ ಅದೇ ಸಾಲಿನಲ್ಲಿದೆ. ಇನ್ನು ಪ್ಯಾರಾ ಗಾತ್ರ: ಲ್ಯಾಪ್‌ಟಾಪ್‌ನಲ್ಲಿ ನಾಲ್ಕೈದು ಸಾಲು ಕಾಣೋದು ಫೋನ್‌ನಲ್ಲಿ ಹನ್ನೆರಡರ ಹತ್ತಿರ ಹೋಗ್ತದೆ. ಎರಡು ಮೂರು ವಾಕ್ಯ ಆದಮೇಲೆ ಒಂದು ಖಾಲಿ ಸಾಲು ಬಿಡಿ.

ಈಗ ಲಗತ್ತು. ಹೆಚ್ಚು ಕೆಲಸ ಕೆಡೋದು ಇಲ್ಲೇ. ವಾಟ್ಸ್ಯಾಪ್‌ನಿಂದ ಇಳಿಸಿಕೊಂಡ ಫೋಟೊ ಹಂಗೇ ಸೇರಿಸ್ತೀವಿ, ಅದರ ಹೆಸರು `IMG-20250609-WA0012.jpg` ಅಂತ ಇರ್ತದೆ. ಆ ಹೆಸರಲ್ಲಿರೋದು ತಾರೀಕು, ಒಂದು ಕ್ರಮಸಂಖ್ಯೆ. ಯಾರದು, ಏನು ಅಂತ ತೆರೆಯದೆ ತಿಳಿಯಲ್ಲ. `Scan1.pdf` ಕಥೆಯೂ ಅದೇ. ಹುಡುಗಿ ಇಡಬೇಕಾದ ಹೆಸರು `SSLC_Hesaru_2021.pdf` ಮತ್ತು `Aadhaar_Hesaru.pdf`. Hesaru ಇರೋ ಜಾಗದಲ್ಲಿ ನಿಮ್ಮ ಹೆಸರು ಹಾಕ್ಕೊಳ್ಳಿ. ದಾಖಲೆ ಯಾವುದು ಅನ್ನೋದು ಮೊದಲು, ಯಾಕಂದ್ರೆ ಚಿಕ್ಕ ಪರದೆಯಲ್ಲಿ ಉದ್ದ ಹೆಸರಿಗೂ ಕತ್ತರಿ ಬೀಳ್ತದೆ. ‘final’, ‘new’ ಅನ್ನೋ ಪದ ನಿಮಗಷ್ಟೇ ಅರ್ಥ. ಫೋನಿನ ಫೈಲ್ಸ್ ಆ್ಯಪ್‌ನಲ್ಲಿ ಫೈಲ್ ಒತ್ತಿ ಹಿಡಿದು `Rename` ಆರಿಸಿ. ಆಧಾರ್ ಕಳಿಸುವಾಗ, ಪೂರ್ತಿ ಸಂಖ್ಯೆ ಕೇಳಿಲ್ಲ ಅಂದ್ರೆ, ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕಳಿಸಿ. ಅದು ಯುಐಡಿಎಐ ಜಾಲತಾಣದಲ್ಲೇ ಸಿಗ್ತದೆ.

ಗಾತ್ರವನ್ನೂ ನೋಡ್ಕೊಳ್ಳಿ. ಜಿಮೇಲ್ ಮಿತಿ 25 ಎಂಬಿ ಅಂತಾರೆ, ಆದರೆ ಇಮೇಲ್‌ನಲ್ಲಿ ಹೋಗುವಾಗ ಫೈಲು ಸುಮಾರು ಮೂರನೇ ಒಂದು ಭಾಗ ಉಬ್ಬುತ್ತದೆ. ಎರಡು ಪುಟದ ಸ್ಕ್ಯಾನಿಗೆ ಒಂದು ಎರಡು ಎಂಬಿ ಸಾಕು.

ನಮ್ಮ ಕನ್ನಡದವರಿಗೇ ಅಂತ ಇರೋ ಒಂದು ತೊಡಕು ಹೇಳಲೇಬೇಕು. ಟೈಪಿಂಗ್ ಅಂಗಡಿಯಲ್ಲಿ ನುಡಿಯಲ್ಲಿ ಹೊಡೆಸಿದ ಅರ್ಜಿಯ ವರ್ಡ್ ಫೈಲನ್ನು ಹಂಗೇ ಲಗತ್ತಿಸಿದ್ರೆ, ಆ ಕಡೆ ‘ಮಾನ್ಯರೇ’ ಬದಲು `ªÀiÁ£ÀågÉÃ` ಅಂತ ಕಾಣಬಹುದು. ಹಳೇ ನುಡಿ ಫಾಂಟು ಇಂಗ್ಲಿಷಿನ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸಿದಂಗೆ. ಫಾಂಟು ಇಲ್ಲದ ಫೋನ್‌ನಲ್ಲಿ ಚಿತ್ರ ಹೋಗಿ ಸಂಕೇತ ಉಳೀತದೆ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸ್ಯಾಪ್‌ನಲ್ಲಿ ಹಾಕಿ. ಕನ್ನಡವಾಗೇ ಉಳಿದ್ರೆ ಅದು ಯೂನಿಕೋಡ್, ಚಿಂತೆ ಇಲ್ಲ. ಕಲಸಿಹೋದ್ರೆ ಅಂಗಡಿಯವರಿಗೆ ಹೇಳಿ ಪಿಡಿಎಫ್ ಮಾಡಿಸ್ಕೊಳ್ಳಿ. ಅದರೊಳಗೆ ಫಾಂಟೂ ಸೇರಿಕೊಂಡು ಹೋಗ್ತದೆ. ಪತ್ರವನ್ನು ಮಾತ್ರ ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೀರಿ.

ಕಳಿಸೋ ಮುಂಚೆ ಆ ಇಮೇಲ್ ನಿಮಗೇ ಒಂದ್ಸಲ ಕಳಿಸ್ಕೊಳ್ಳಿ. ಆಮೇಲೆ ಪಕ್ಕದವರ ಫೋನಿಗೂ ಫಾರ್ವರ್ಡ್ ಮಾಡಿ. ಲಗತ್ತು ನಿಮ್ಮ ಫೋನ್‌ನಲ್ಲಿ ತೆರೆಯೋದು ದೊಡ್ಡ ಮಾತಲ್ಲ, ಅದು ಅಲ್ಲೇ ಹುಟ್ಟಿದ್ದು.

ಬುಧವಾರ ಮಧ್ಯಾಹ್ನದವರೆಗೂ ಉತ್ತರ ಬರದಿದ್ರೆ ಹೊಸ ಇಮೇಲ್ ಬೇಡ. ಕಳಿಸಿದ ಇಮೇಲ್ ತೆರೆದು ಅದಕ್ಕೇ ರಿಪ್ಲೈ ಕೊಟ್ಟು, ಅದೇ ಪ್ರಶ್ನೆ ಒಂದು ಸಾಲಿನಲ್ಲಿ ಕೇಳಿ. ಆದರೆ ರಿಪ್ಲೈ ಮಾಡುವಾಗ ಹಳೇ ಲಗತ್ತು ಜೊತೆಗೆ ಹೋಗಲ್ಲ, ಎರಡೂ ಫೈಲು ಮತ್ತೆ ಸೇರಿಸಬೇಕು. ಫಾರ್ವರ್ಡ್ ಮಾಡಿದ್ರೆ ಮಾತ್ರ ಹೋಗ್ತದೆ. ಎಚ್ಆರ್ ಸರ್ ಅದನ್ನು ಹೆಡ್ ಆಫೀಸಿಗೆ ಫಾರ್ವರ್ಡ್ ಮಾಡಿದಾಗ, ಅಲ್ಲಿ ಯಾರೋ ಫೈಲಷ್ಟನ್ನೇ ಇಳಿಸಿಕೊಂಡು ಫೋಲ್ಡರಿಗೆ ಹಾಕ್ತಾರೆ. ಪತ್ರ ಇಲ್ಲೇ ಉಳೀತದೆ, ಅಲ್ಲಿಗೆ ತಲುಪೋದು ನೀವಿಟ್ಟ ಫೈಲಿನ ಹೆಸರು ಮಾತ್ರ.