ಪ್ರಿಂಟರ್ ಅಗ್ಗ, ಶಾಯಿ ದುಬಾರಿ

ಪ್ರಿಂಟರನ್ನು ಕಡಿಮೆ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ಆ ಹಣವನ್ನು ಕಾರ್ಟ್ರಿಜ್‌ನಲ್ಲಿ ವಸೂಲಿ ಮಾಡುವುದು ಕಂಪನಿಗಳ ಲೆಕ್ಕ. 800 ರೂಪಾಯಿಯ ಕಾರ್ಟ್ರಿಜ್ 160 ಪುಟ ಮುದ್ರಿಸಿತು ಎನ್ನಿ; ಪುಟಕ್ಕೆ ಶಾಯಿಯ ಖರ್ಚೇ 5 ರೂಪಾಯಿ. ಗ್ರಾಹಕರು ಹೊರಗೆ ಶಾಯಿ ತುಂಬಿಸಿಕೊಂಡರೆ ಈ ಲೆಕ್ಕ ತಲೆಕೆಳಗು. ಅದಕ್ಕೇ ಅನೇಕ ಕಾರ್ಟ್ರಿಜ್‌ಗಳಲ್ಲಿ ಪುಟ್ಟ ಚಿಪ್ ಕೂರಿಸುತ್ತಾರೆ. ಶಾಯಿ ಮತ್ತೆ ತುಂಬಿದರೂ ಅದು ‘ಖಾಲಿ’ ಎಂದೇ ಹೇಳುತ್ತಿರುತ್ತದೆ.

ಅಮೆರಿಕದ ಲೆಕ್ಸ್‌ಮಾರ್ಕ್ ಕಂಪನಿ ‘ಒಮ್ಮೆ ಬಳಸಿ ನಮಗೇ ಮರಳಿಸಿ’ ಎಂಬ ಷರತ್ತಿನ ಮೇಲೆ ಟೋನರ್ ಕಾರ್ಟ್ರಿಜ್‌ಗಳನ್ನು ರಿಯಾಯಿತಿಗೆ ಮಾರಿತ್ತು. ಅವನ್ನು ತುಂಬಿಸಿ ಮತ್ತೆ ಮಾರಿದ ಇಂಪ್ರೆಷನ್ ಪ್ರಾಡಕ್ಟ್ಸ್ ಮೇಲೆ ಪೇಟೆಂಟ್ ಮೊಕದ್ದಮೆ ಹೂಡಿತು. ಮಾರಿದ ಮೇಲೆ ಆ ವಸ್ತುವಿನ ಪೇಟೆಂಟ್ ಹಕ್ಕು ಮುಗಿಯಿತು ಎಂದು 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯವಾದ ತೀರ್ಪು. ಆದರೆ ಚಿಪ್ ಹಾಕಬಾರದೆಂದು ಅದು ಹೇಳಲಿಲ್ಲ.