‘ಬಂಡೀಪುರ ರಸ್ತೆ ಬಂದ್’: ಮೆಸೇಜ್ ಎಲ್ಲಿವರೆಗೆ ಚಿಕ್ಕದಾಗಬಹುದು?

ಲಾಂಗ್ ವೀಕೆಂಡ್ ಬಂತೆಂದರೆ ಫ್ಯಾಮಿಲಿ ಗ್ರೂಪಿಗೆ ಒಂದು ಸಾಲು ಬಂದು ಬೀಳುತ್ತೆ: ‘ಬಂಡೀಪುರ ರಸ್ತೆ ಬಂದ್’. ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಎಲ್ಲಿ ಕೆಟ್ಟಿತು ಅಂತ ನೋಡೋಣ.

ಪೂರ್ತಿ ವಿಷಯ ಇದು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನೊಳಗೆ ಎರಡು ಹೆದ್ದಾರಿ ಹೋಗುತ್ತವೆ, ಒಂದು ಊಟಿ ಕಡೆಗೆ, ಇನ್ನೊಂದು ವಯನಾಡಿಗೆ. ರಾತ್ರಿ ವಾಹನಕ್ಕೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದವು. ಹಾಗಾಗಿ 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ನಂಥ ತುರ್ತು ವಾಹನ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ.

ಈಗ ಊಟಿಗೆ ಕಾರಿನಲ್ಲಿ ಹೊರಟ ಅಣ್ಣನಿಗಾಗಿ ಇದನ್ನು ಕತ್ತರಿಸೋಣ. ಇಸವಿ, ಹೈಕೋರ್ಟು, ಪ್ರಾಣಿಗಳ ಕಾರಣ ತೆಗೆಯಿರಿ. ಅವನು ಹೊರಡೋ ಹೊತ್ತೂ ದಾರಿಯೂ ಬದಲಾಗಲ್ಲ. ಬಸ್ಸಿನ ಮಾತೂ ಬೇಡ, ಅವನದು ಕಾರು. ಉಳಿಯೋದು: ‘ಗುಂಡ್ಲುಪೇಟೆ–ಊಟಿ ಕಾಡುರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾರು ಬಿಡಲ್ಲ.’

ಇನ್ನೂ ಒಂದು ಸಲ ಕತ್ತರಿ ಹಾಕಿ, ‘9ರಿಂದ 6’ ತೆಗೆಯಿರಿ. ಬರೀ ‘ರಾತ್ರಿ ಬಿಡಲ್ಲ’ ಅಂತ ಉಳಿಯುತ್ತೆ. ರಾತ್ರಿ ಅಂದ್ರೆ ಹತ್ತು ಗಂಟೆ ಅಂದುಕೊಂಡವನು ಎಂಟಕ್ಕೆ ಮೈಸೂರು ಬಿಡ್ತಾನೆ. ಗುಂಡ್ಲುಪೇಟೆಗೇ ಸುಮಾರು 60 ಕಿಲೋಮೀಟರ್. ಕಾಡಿನ ಗೇಟು ಅದರಾಚೆ. ತಲುಪೋ ಹೊತ್ತಿಗೆ ಗೇಟು ಹಾಕಿರುತ್ತೆ, ಬೆಳಗಾಗೋವರೆಗೆ ಕಾಯಬೇಕು. ವಾಕ್ಯದಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಮೋಸ ಆಯಿತು. ಅಂದರೆ ಕತ್ತರಿ ಒಂದು ಹೆಜ್ಜೆ ಹಿಂದೆಯೇ ನಿಲ್ಲಬೇಕಿತ್ತು.

ಅದರಾಚೆಗೆ ಇನ್ನೂ ಕೆಡುತ್ತೆ. ‘ರಾತ್ರಿ’ಯೂ ಹೋದರೆ, ಹಗಲಲ್ಲಿ ಹೋಗಬೇಕಿದ್ದವರು ರೂಮ್ ಕ್ಯಾನ್ಸಲ್ ಮಾಡ್ತಾರೆ. ‘ಗುಂಡ್ಲುಪೇಟೆ ರಸ್ತೆ ಬಂದ್’ ಅಂತಾದರೆ, ಈ ನಿಷೇಧಕ್ಕೆ ಸಂಬಂಧವೇ ಇಲ್ಲದ ಚಾಮರಾಜನಗರ–ಗುಂಡ್ಲುಪೇಟೆ ರಸ್ತೆಯವರೂ ಗಾಬರಿಯಾಗ್ತಾರೆ.

ಹಾಗಾಗಿ ಪ್ರತಿ ಪದ ತೆಗೆದಾಗಲೂ ‘ಇದು ಇನ್ನೂ ನಿಜವೇ?’ ಅಂತಷ್ಟೇ ಕೇಳಿದರೆ ಸಾಲದು. ‘ಇಷ್ಟನ್ನೇ ಓದಿದವರು ಏನು ಮಾಡ್ತಾರೆ? ಪೂರ್ತಿ ಓದಿದ್ದರೂ ಅದನ್ನೇ ಮಾಡ್ತಿದ್ದರಾ?’ ಅಂತ ಕೇಳಿ. ಉತ್ತರ ‘ಇಲ್ಲ’ ಅಂತ ಬಂದರೆ ಆ ಪದ ವಾಪಸ್ ಹಾಕಿ, ಅಲ್ಲಿಗೇ ನಿಲ್ಲಿಸಿ.

ಓದುವವರು ಬದಲಾದರೆ ನಿಲ್ಲುವ ಜಾಗವೂ ಬದಲಾಗುತ್ತೆ. ಅಣ್ಣನಿಗೆ ಆಂಬುಲೆನ್ಸಿನ ವಿನಾಯಿತಿ ಬೇಕಿರಲಿಲ್ಲ. ಆದರೆ ಅದೇ ಮೆಸೇಜ್ ಗಡಿಯಾಚೆ ರೋಗಿ ಇರೋ ಮನೆಗೆ ಹೋದರೆ, ಅವರು ಬೆಳಗ್ಗೆ ಆರರವರೆಗೆ ಸುಮ್ಮನೆ ಕಾಯಬಹುದು. ಅವರಿಗೆ ಕಳಿಸೋವಾಗ ‘ಆಂಬುಲೆನ್ಸ್ ಬಿಡ್ತಾರೆ’ ಅನ್ನೋ ಎರಡು ಪದ ಇರಲೇಬೇಕು. ಯಾರ ಕೈಗೆ ಹೋಗುತ್ತೋ ಗೊತ್ತಿಲ್ಲದ ಫಾರ್ವರ್ಡ್‌ನಲ್ಲೂ ಅಷ್ಟೇ.